ಪಹಣಿಯಲ್ಲಿ ಅಣ್ಣನ ಹೆಸರು, ಪಾಲು ಯಾರದ್ದು?

ನೌಕರಿಗೆಂದು ಊರು ಬಿಟ್ಟು ಬೆಂಗಳೂರು ಸೇರಿದ ತಲೆಮಾರಿನ ಮಕ್ಕಳು ಈಗ ನಡುವಯಸ್ಸಿನವರು. ಅಪ್ಪ ತೀರಿಕೊಂಡ ಮೇಲೆ ಅಥವಾ ಊರಿನ ಪಕ್ಕ ಹೆದ್ದಾರಿ ಬಂದ ಮೇಲೆ ಅವರಿಗೆ ಒಂದು ಪ್ರಶ್ನೆ ಏಳುತ್ತದೆ: ತಾತನ ಜಮೀನಿನಲ್ಲಿ ನಮ್ಮ ಪಾಲು ಇನ್ನೂ ಇದೆಯೇ? ಜಮೀನನ್ನು ನಲವತ್ತು ವರ್ಷದಿಂದ ದೊಡ್ಡಪ್ಪನ ಮನೆಯವರು ಉಳುತ್ತಿದ್ದಾರೆ. ಕಂದಾಯ ಕಟ್ಟಿದವರು, ಬೋರ್‌ವೆಲ್ ಕೊರೆಸಿದವರು, ತೆಂಗು ನೆಟ್ಟವರು ಅವರೇ. ಇವರು ಹಬ್ಬಕ್ಕೆ ಹೋಗಿ ಒಂದು ಚೀಲ ರಾಗಿ, ಹತ್ತು ತೆಂಗಿನಕಾಯಿ ತಂದದ್ದಷ್ಟೇ.

ಊರ ಕಟ್ಟೆಯಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತವೆ. ಒಂದು, ಹನ್ನೆರಡು ವರ್ಷ ಉತ್ತವನಿಗೇ ಜಮೀನು. ಇನ್ನೊಂದು, ತಾತನ ಆಸ್ತಿಯನ್ನು ಯಾರಿಂದಲೂ ಕಿತ್ತುಕೊಳ್ಳಲು ಆಗುವುದಿಲ್ಲ. ಮೊದಲನೆಯದು ದಾಯಾದಿಗಳ ಮಟ್ಟಿಗೆ ತಪ್ಪು. ಎರಡನೆಯದನ್ನು ನಂಬಿ ಸುಮ್ಮನೆ ಕೂತವರು ಪಾಲು ಕಳೆದುಕೊಂಡದ್ದೂ ಉಂಟು. ಉಳುಮೆಯಿಂದ ಪಾಲು ಹೋಗುವುದು ಬಲು ಅಪರೂಪ. ಅದು ಹೋಗುವುದು ಕಾಗದಗಳಿಂದ, ಮತ್ತು ಆ ಕಾಗದಗಳನ್ನು ಯಾರೂ ನೋಡದೇ ಇದ್ದುದರಿಂದ.

ಲೆಕ್ಕಕ್ಕೆ ಹಿಡಿತ ಸಿಗಲೆಂದು ತಿಪಟೂರು ಕಡೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಾತನ ಹೆಸರಿನಲ್ಲಿದ್ದದ್ದು ಒಂದೇ ಸರ್ವೆ ನಂಬರಿನ 6 ಎಕರೆ 30 ಗುಂಟೆ, ಅಂದರೆ 270 ಗುಂಟೆ. ಅಜ್ಜಿ ಮೊದಲೇ ಹೋಗಿದ್ದರು. ತಾತ 1978ರಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ಹಿರಿಯವರು ಊರಲ್ಲಿ ಉಳಿದರು, ಕಿರಿಯವರು ಬೆಂಗಳೂರಿನ ಕಾರ್ಖಾನೆಗೆ ಸೇರಿದರು, ಅತ್ತೆಯನ್ನು ಅರಸೀಕೆರೆಗೆ ಕೊಟ್ಟರು. 1979ರಲ್ಲಿ ಖಾತೆ ಹಿರಿಯ ಮಗನ ಒಬ್ಬರದೇ ಹೆಸರಿಗೆ ಆಯಿತು. ಆಗ ಅದನ್ನು ಯಾರೂ ಮೋಸ ಎಂದುಕೊಳ್ಳಲಿಲ್ಲ. ಮನೆಯ ಹಿರಿಯನ ಹೆಸರಿಗೆ ಖಾತೆ ಮಾಡುವುದು ಎಲ್ಲ ಊರುಗಳ ರೂಢಿಯಾಗಿತ್ತು. 2009ರಲ್ಲಿ ದೊಡ್ಡಪ್ಪ ಹೋದರು. ಅವರ ಮಗ, ಅಂದರೆ ನಮ್ಮ ಕಥೆಯ ಅಣ್ಣ, ಮರುವರ್ಷ ಪೌತಿ ಖಾತೆ ಮಾಡಿಸಿಕೊಂಡ. 2016ರಲ್ಲಿ ಬೆಂಗಳೂರು ಸೇರಿದ್ದ ಕಿರಿಯವರೂ ತೀರಿಕೊಂಡರು. ಅವರಿಗೆ ಹೆಂಡತಿ, ಮಗ, ಮಗಳು ಇದ್ದಾರೆ. ಅಣ್ಣನ ತಾಯಿ ಈಗಿಲ್ಲ. ಮದುವೆಯಾಗಿ ಹೋದ ಒಬ್ಬ ಅಕ್ಕ ಇದ್ದಾಳೆ.

2010ರ ಆ ಪೌತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೌತಿ ಖಾತೆಗೆ ವಂಶವೃಕ್ಷ ಬೇಕು, ಮತ್ತು ಅದು ಶುರುವಾಗುವುದು ತೀರಿಕೊಂಡ ಖಾತೆದಾರನಿಂದ. ಖಾತೆದಾರ ದೊಡ್ಡಪ್ಪ ಎಂದಾದ ಮೇಲೆ ಅವರ ತಮ್ಮನ ಮಕ್ಕಳ ಹೆಸರು ಆ ಮರದಲ್ಲಿ ಬರುವುದೇ ಇಲ್ಲ. ಯಾರೂ ಸುಳ್ಳು ಹೇಳದೆಯೇ ಬೆಂಗಳೂರಿನ ಕವಲು ದಾಖಲೆಯಿಂದ ಬಿದ್ದುಹೋಯಿತು. ಅಕ್ಕನ ಹೆಸರು ಬಿಟ್ಟದ್ದು ಮಾತ್ರ ಬೇರೆ ವಿಷಯ. ಅದು ಬೇಕೆಂದೇ ಬಿಟ್ಟದ್ದು. ಹೀಗೆ 1979ರ ರೂಢಿ 2010ರಲ್ಲಿ ಗಟ್ಟಿಯಾಯಿತು. ಇವತ್ತು ಕಂಪ್ಯೂಟರ್ ಪಹಣಿ ತೆಗೆದರೆ ಕಾಣುವುದು ಒಂದೇ ಹೆಸರು.

ಕಾನೂನಿನ ಲೆಕ್ಕ ಹೀಗಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳನ್ನು ಮಗನಷ್ಟೇ ಹಕ್ಕಿನ ಸಹಭಾಗಿಯನ್ನಾಗಿ ಮಾಡಿತು. ತಂದೆ ಆ ದಿನ ಬದುಕಿರಬೇಕೇ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿರಬೇಕಿಲ್ಲ ಎಂದು ಅದನ್ನು ಮುಗಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ನಮ್ಮ ಕುಟುಂಬದಲ್ಲಿ ವಿಭಾಗವೇ ಆಗಿಲ್ಲ, ಅತ್ತೆ ಇನ್ನೂ ಗಟ್ಟಿಯಾಗಿದ್ದಾರೆ. ಹಾಗಾಗಿ ಮೂರು ಕವಲಿಗೂ ತಲಾ 90 ಗುಂಟೆ. ತಾತನ ಸ್ವಯಾರ್ಜಿತ ಎಂದುಕೊಂಡರೂ, ಅವರು ಉಯಿಲು ಬರೆಯದೆ ಹೋಗಿದ್ದರೆ ಇಲ್ಲಿ ಲೆಕ್ಕ ಬದಲಾಗುವುದಿಲ್ಲ. ಬೆಂಗಳೂರಿನ ಕವಲಿನ 90 ಗುಂಟೆಯಲ್ಲಿ ತಾಯಿ, ಮಗ, ಮಗಳಿಗೆ ತಲಾ 30. ದೊಡ್ಡಪ್ಪನ ಕವಲಿನ 90 ಗುಂಟೆಯಲ್ಲಿ ಅಣ್ಣನಿಗೆ 45, ಅಕ್ಕನಿಗೆ 45.

ಅಂದರೆ 270 ಗುಂಟೆ ಉಳುತ್ತಿರುವ ಅಣ್ಣನ ಸ್ವಂತ ಪಾಲು 45 ಗುಂಟೆ. ಈ ಸಂಖ್ಯೆಯನ್ನು ಬೆಂಗಳೂರಿನವರು ಒಮ್ಮೆ ಸಾವಧಾನವಾಗಿ ನೋಡಬೇಕು. ಅಣ್ಣ ಮಾತು ತಪ್ಪಿಸುವುದು, ಫೋನ್ ಎತ್ತದಿರುವುದು, ‘ನೋಡೋಣ, ಸುಗ್ಗಿ ಮುಗೀಲಿ ತಮ್ಮಾ’ ಎನ್ನುವುದು ಎಲ್ಲವೂ ದುರಾಸೆಯಿಂದಲೇ ಬಂದದ್ದಲ್ಲ. ಅವನ ಬದುಕು ನಿಂತಿರುವ ನೆಲದ ಆರರಲ್ಲಿ ಐದು ಪಾಲು ಬೇರೆಯವರದು, ಮತ್ತು ಅದು ಅವನಿಗೂ ಗೊತ್ತು. ಬೆಂಗಳೂರಿನ ಮಗನೂ ಇನ್ನೊಂದು ನೋಡಬೇಕು. ಅವನು ‘ನಮ್ಮ ಅರ್ಧ’ ಎಂದು ಕೇಳಲು ಹೋದರೆ ಅತ್ತೆಯ ಪಾಲನ್ನು ಅವನೂ ನುಂಗಿದಂತೆಯೇ.

ಈಗ ಹನ್ನೆರಡು ವರ್ಷದ ಮಾತು. ಅದು ಬಂದದ್ದು 1963ರ ಕಾಲಮಿತಿ ಕಾಯ್ದೆಯಿಂದ. ಬೇರೊಬ್ಬರ ಜಮೀನನ್ನು ಬಹಿರಂಗವಾಗಿ, ತನ್ನದೆಂದು ಸಾರಿಕೊಂಡು ಹನ್ನೆರಡು ವರ್ಷ ಹಿಡಿದವನ ಮೇಲೆ ಮಾಲೀಕ ದಾವೆ ಹೂಡಲು ಆಗುವುದಿಲ್ಲ. ಮಾಲೀಕನ ಹಕ್ಕೂ ನಶಿಸುತ್ತದೆ. ಆದರೆ ಜಂಟಿ ಮಾಲೀಕರ ನಡುವೆ ಈ ಗಡಿಯಾರ ತಾನಾಗಿ ಶುರುವಾಗುವುದಿಲ್ಲ. ಒಬ್ಬ ಪಾಲುದಾರ ಜಮೀನಿನಲ್ಲಿ ಇದ್ದರೆ ಎಲ್ಲ ಪಾಲುದಾರರೂ ಇದ್ದಂತೆ ಎಂಬುದು ನಿಯಮ. 1957ರ ಪಿ. ಲಕ್ಷ್ಮಿ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಉಳಿದವರ ಹಕ್ಕನ್ನು ಅವರಿಗೆ ತಿಳಿಯುವಂತೆ, ಬಹಿರಂಗವಾಗಿ ನಿರಾಕರಿಸಿದ ಮೇಲಷ್ಟೇ ಸ್ವಾಧೀನ ಪ್ರತಿಕೂಲವಾಗುತ್ತದೆ. ಕೂಡುಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವನಿಗೆ ಕಾಯ್ದೆಯ 110ನೇ ಅನುಚ್ಛೇದವೂ ಹನ್ನೆರಡು ವರ್ಷ ಕೊಡುತ್ತದೆ. ಅದರ ಎಣಿಕೆ ಶುರುವಾಗುವುದು ಹೊರಗಿಟ್ಟದ್ದು ಅವನಿಗೆ ತಿಳಿದ ದಿನದಿಂದ.

ಹಾಗಾದರೆ ಅಣ್ಣ ಒಬ್ಬನೇ ಉತ್ತದ್ದು, ಕಂದಾಯ ಕಟ್ಟಿದ್ದು, ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡದ್ದು, ಇಷ್ಟು ವರ್ಷ ಫಸಲಿನಲ್ಲಿ ಪಾಲು ಕೊಡದೇ ಇದ್ದದ್ದು ಯಾವುದೂ ತಾನಾಗಿ ನಿರಾಕರಣೆಯಾಗುವುದಿಲ್ಲ. ಇವೆಲ್ಲಕ್ಕೂ ಮನೆಯವರ ಒಪ್ಪಿಗೆಯ ವಿವರಣೆ ಸಾಧ್ಯ. ನಿರಾಕರಣೆಯ ಗುರುತುಗಳು ಬೇರೆ: ಪಾಲು ಕೇಳಿದಾಗ ‘ನಿಮ್ಮಪ್ಪ ಆಗಲೇ ದುಡ್ಡು ತಗೊಂಡು ಹೋಗಿದ್ದಾರೆ, ನಿಮಗೇನೂ ಇಲ್ಲ’ ಎಂದು ಬರಹದಲ್ಲಿ ಉತ್ತರ ಬರುವುದು, ಇಡೀ ಜಮೀನು ತನ್ನೊಬ್ಬನದೆಂದು ಹೊರಗಿನವರಿಗೆ ಮಾರುವುದು, ಕೊಂಡವನು ಬೇಲಿ ಹಾಕುವುದು, ಹಿಂದೆಯೇ ವಿಭಾಗವಾಗಿದೆ ಎಂದು ಕೋರ್ಟಿನಲ್ಲೋ ತಹಶೀಲ್ದಾರರ ಮುಂದೆಯೋ ಹೇಳಿಕೆ ಕೊಡುವುದು. ಇವುಗಳಲ್ಲಿ ಒಂದು ನಿಮಗೆ ತಿಳಿದ ದಿನ ತಾರೀಖು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅಂದಿನಿಂದ ಗಡಿಯಾರ ಓಡುತ್ತಿದೆ.

ಇಲ್ಲೇ ಒಂದು ಎಚ್ಚರಿಕೆ. ಪೇಟೆಯವರಿಗೆ ಮೊದಲು ಹೊಳೆಯುವುದು ವಕೀಲರಿಂದ ಒಂದು ನೋಟಿಸ್ ಕೊಡಿಸುವುದು. ನೋಟಿಸಿಗೆ ಅಣ್ಣನ ವಕೀಲರು ಕಚೇರಿಯ ರೂಢಿಯಂತೆ ‘ನಿಮಗೆ ಯಾವ ಹಕ್ಕೂ ಇಲ್ಲ’ ಎಂದು ಉತ್ತರ ಬರೆಯುತ್ತಾರೆ. ಅಲ್ಲಿಯವರೆಗೆ ಮೌನವಾಗಿದ್ದ ಸಂಬಂಧದಲ್ಲಿ ಮೊದಲ ಲಿಖಿತ ನಿರಾಕರಣೆ ಹುಟ್ಟುವುದು ಹೀಗೆ. ಆ ಉತ್ತರವನ್ನು ಕಪಾಟಿಗೆ ಸೇರಿಸಿ ಮರೆಯುವವರಿಗೆ ನೋಟಿಸ್ ಲಾಭಕ್ಕಿಂತ ನಷ್ಟವನ್ನೇ ತರುತ್ತದೆ. ದಾವೆಗೆ ಮನಸ್ಸು ಗಟ್ಟಿಮಾಡಿಕೊಂಡ ಮೇಲೆ ಮಾತ್ರ ನೋಟಿಸ್ ಕೊಡುವುದು ಮೇಲು.

ಅದಕ್ಕೂ ಮೊದಲು ಮಾಡಬೇಕಾದದ್ದು ಕಾಗದ ಕೂಡಿಸುವ ಕೆಲಸ. ಇದನ್ನು ಅಣ್ಣನ ಮನಸ್ಸು ನೋಯಿಸದೆ, ಊರಿಗೂ ಹೋಗದೆ ಅರ್ಧದಷ್ಟು ಮುಗಿಸಬಹುದು. landrecords.karnataka.gov.in ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಇವತ್ತಿನ ಪಹಣಿ ಕಾಣುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬುದು ಎಂ.ಆರ್. ಸಂಖ್ಯೆಯ ಸಮೇತ, 11ರಲ್ಲಿ ಸಾಲ, ತಡೆಯಾಜ್ಞೆಯಂಥ ಋಣಗಳು, 12ರಲ್ಲಿ ಉಳುಮೆ ಮಾಡುವವರ ಮತ್ತು ಬೆಳೆಯ ವಿವರ ಇರುತ್ತವೆ. ಎಲ್ಲರೂ ನೋಡುವುದು 9ನ್ನು. ಕಥೆ ಇರುವುದು 10ರಲ್ಲಿ. ಅಲ್ಲಿಯ ಎಂ.ಆರ್. ಸಂಖ್ಯೆ ಹಿಡಿದು ಮ್ಯುಟೇಷನ್ ನಕಲು ತೆಗೆಸಿದರೆ ಅಣ್ಣನ ಹೆಸರು ಪೌತಿಯಿಂದ ಬಂತೋ, ವಿಭಾಗದಿಂದಲೋ, ಹಕ್ಕುಬಿಡುಗಡೆಯಿಂದಲೋ ಎಂಬುದು ಖಚಿತವಾಗುತ್ತದೆ. ‘ಪೌತಿ’ ಎಂದಿದ್ದರೆ ನಿಟ್ಟುಸಿರು ಬಿಡಬಹುದು. ‘ವಿಭಾಗ’ ಅಥವಾ ‘ಹಕ್ಕುಬಿಡುಗಡೆ’ ಎಂದಿದ್ದರೆ ಆ ಪತ್ರದಲ್ಲಿ ಯಾರ ಸಹಿ ಇದೆ ಎಂದು ನೋಡುವವರೆಗೆ ನೆಮ್ಮದಿ ಇಲ್ಲ.

ಇನ್ನರ್ಧ ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಭೂಮಿ ಯೋಜನೆಗೆ ಮುಂಚಿನ ಕೈಬರಹದ ಪಹಣಿಗಳು ಸಿಗುವುದು ಅಲ್ಲಿ. ಹಳೆ ಮೈಸೂರು ಭಾಗದಲ್ಲಾದರೆ ಐ.ಎಲ್. ಮತ್ತು ಆರ್.ಆರ್. ಪುಸ್ತಕಗಳೂ, ವಾರಸಾ ಪ್ರಕರಣಗಳಿಗೆ ಹಾಕುತ್ತಿದ್ದ ಐ.ಎಚ್.ಸಿ. ನಮೂದುಗಳೂ ಇರುತ್ತವೆ. ತಾತನ ಹೆಸರು ಇರುವ ಒಂದು ಹಳೆಯ ಪಹಣಿ, ಅವರಿಂದ ದೊಡ್ಡಪ್ಪನಿಗೆ ಖಾತೆ ಹೋದ 1979ರ ವಾರಸಾ ನಮೂದು ಈ ಎರಡು ದೃಢೀಕೃತ ನಕಲುಗಳು ಇಡೀ ಪ್ರಕರಣದ ಬುನಾದಿ. ಜಮೀನು ದೊಡ್ಡಪ್ಪನಿಗೆ ಬಂದದ್ದು ತಾತನಿಂದ, ಅವರ ಸ್ವಂತ ಸಂಪಾದನೆಯಿಂದ ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಸಾಕ್ಷಿಯೂ ಹೇಳಲಾರ. ಹಳೆಯ ಕಡತಗಳು ಶಿಥಿಲವಾಗುತ್ತಿವೆ, ಕೆಲವು ಕಡೆ ಸಿಗುವುದೇ ಇಲ್ಲ. ಜಗಳ ಇರಲಿ ಬಿಡಲಿ, ನಕಲು ತೆಗೆದಿಟ್ಟುಕೊಳ್ಳಬೇಕು.

ಮೂರನೆಯದು ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಜನ ಇ.ಸಿ. ಎನ್ನುವುದು. ಮಾರಾಟ, ಅಡಮಾನ, ಹಕ್ಕುಬಿಡುಗಡೆ, ದಾನ ಇವೆಲ್ಲ ನೋಂದಣಿಯಾಗಿದ್ದರೆ ಇಲ್ಲಿ ಕಾಣುತ್ತವೆ. ಈಚಿನ ವರ್ಷಗಳದ್ದು ಕಾವೇರಿ ತಾಣದಲ್ಲೇ ಸಿಗುತ್ತದೆ. ಗಣಕೀಕರಣಕ್ಕೆ ಹಿಂದಿನದನ್ನು ಕಚೇರಿಯಲ್ಲಿ ಹುಡುಕಿಸಬೇಕು. ಇ.ಸಿ. ಏಕೆ ಮುಖ್ಯ ಎಂದರೆ, ಪೇಟೆಯವರ ಪಾಲು ನಿಜಕ್ಕೂ ಕೈಬಿಡುವುದು ಹಕ್ಕುಬಿಡುಗಡೆ ಪತ್ರದಲ್ಲಿ. ‘ಸೊಸೈಟಿ ಸಾಲಕ್ಕೆ ಎಲ್ಲರ ಸಹಿ ಬೇಕಂತೆ, ಒಂದು ದಿನ ಬಂದು ಹೋಗು’ ಎಂದು ಕರೆದಾಗ ಅಪ್ಪ ಹೋಗಿ ಸಹಿ ಹಾಕಿ ಬಂದದ್ದು ಉಪನೋಂದಣಾಧಿಕಾರಿಯ ಮುಂದೆಯೇ ಆಗಿದ್ದರೆ ಆ ಪತ್ರ ಹಕ್ಕುಬಿಡುಗಡೆಯೂ ಆಗಿರಬಹುದು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡಲು ನೋಂದಣಿ ಕಡ್ಡಾಯ. ಆದ್ದರಿಂದ ಬರೀ ಛಾಪಾ ಕಾಗದದ ಮೇಲಿನ ಸಹಿಯಿಂದ ಪಾಲು ಹೋಗುವುದಿಲ್ಲ. ನೋಂದಣಿಯಾದ ಸಹಿಯಿಂದ ಹೋಗುತ್ತದೆ. ಮೋಸದಿಂದ ಬರೆಸಿಕೊಂಡದ್ದಾದರೆ ರದ್ದು ಕೋರಿ ದಾವೆ ಹೂಡಲು ಇರುವುದು ಮೋಸ ತಿಳಿದ ದಿನದಿಂದ ಮೂರೇ ವರ್ಷ. ಹನ್ನೆರಡಲ್ಲ. ಸಾಲಕ್ಕೆ ಸಹಿ ಬೇಕಾದಾಗ ಹಾಕಲೇಬಾರದು ಎಂದು ಹೇಳುತ್ತಿಲ್ಲ. ಪತ್ರದ ಶೀರ್ಷಿಕೆ ಓದಿ, ಪ್ರತಿ ಪುಟದ ನಕಲು ಇಟ್ಟುಕೊಂಡು ಹಾಕಬೇಕು. ಅಧಿಕಾರ ಪತ್ರ ಕೊಡುವುದಾದರೆ ‘ಸರ್ವಾಧಿಕಾರ’ ಎಂಬುದನ್ನು ಎಂದೂ ಕೊಡದೆ ಒಂದು ಕೆಲಸಕ್ಕೆ ಮಾತ್ರ ಸೀಮಿತವಾದದ್ದನ್ನು ಕೊಡಬೇಕು. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ತಾತ ಗೇಣಿದಾರರಾಗಿದ್ದು, 1974ರ ಮಾರ್ಚ್ 1ರ ಭೂಸುಧಾರಣೆಯ ನಂತರ ದೊಡ್ಡಪ್ಪ ಫಾರಂ 7 ಹಾಕಿ ಭೂನ್ಯಾಯಮಂಡಳಿಯಿಂದ ಅಧಿಭೋಗದಾರಿ ಹಕ್ಕು ಪಡೆದಿದ್ದರೆ, ‘ಇದು ನಮ್ಮಪ್ಪನಿಗೆ ಸರ್ಕಾರ ಕೊಟ್ಟ ಜಮೀನು, ಪಿತ್ರಾರ್ಜಿತ ಅಲ್ಲ’ ಎಂದು ಅಣ್ಣ ವಾದಿಸುತ್ತಾನೆ. ಗೇಣಿ ತಾತನ ಕಾಲದಿಂದ ಬಂದದ್ದಾಗಿದ್ದು, ಅರ್ಜಿ ಹಾಕಿದಾಗ ಕುಟುಂಬ ಒಟ್ಟಿಗಿದ್ದರೆ ಆ ಮಂಜೂರಾತಿ ಕುಟುಂಬಕ್ಕೆಲ್ಲ ಸೇರಿದ್ದು ಎಂಬುದೇ ನಮ್ಮ ಹೈಕೋರ್ಟಿನ ತೀರ್ಪುಗಳ ಒಟ್ಟು ಜಾಡು. ಅಂಥ ಜಮೀನಿನ ವಿಭಾಗವನ್ನು ಸಿವಿಲ್ ನ್ಯಾಯಾಲಯ ಮಾಡಬಲ್ಲದು. ಎಲ್ಲವೂ ನಿಲ್ಲುವುದು ಫಾರಂ 7ರಲ್ಲಿ ಮತ್ತು ಮಂಡಳಿಯ ಮುಂದಿನ ಹೇಳಿಕೆಯಲ್ಲಿ ದೊಡ್ಡಪ್ಪ ಏನೆಂದು ಬರೆಸಿದ್ದರು ಎಂಬುದರ ಮೇಲೆ. ‘ನಮ್ಮ ತಂದೆ ಕಾಲದಿಂದ ಗೇಣಿಗೆ ಮಾಡುತ್ತಿದ್ದೇವೆ’ ಎಂಬ ಒಂದು ಸಾಲು ಸಿಕ್ಕರೆ ಸಾಕು. ಆ ಕಡತದ ನಕಲನ್ನೂ ಕೇಳಿ ಪಡೆಯಬೇಕು.

ಕಾಗದ ಕೈಗೆ ಬಂದ ಮೇಲೆ ಅಣ್ಣನ ಜೊತೆ ಮಾತು. ಅವನಿಗೆ ಖಾತೆ ತನ್ನ ಹೆಸರಿನಲ್ಲಿ ಇರಬೇಕಾದ ಕಾರಣಗಳು ಎಷ್ಟೋ ಬಾರಿ ತೀರ ಸರಳ: ಸೊಸೈಟಿಯ ಬೆಳೆಸಾಲ, ಫ್ರೂಟ್ಸ್ ಐಡಿ, ಬರ ಬಂದಾಗ ಬೆಳೆ ಪರಿಹಾರ, ಪಿ.ಎಂ. ಕಿಸಾನ್ ಹಣ. ಎಲ್ಲದಕ್ಕೂ ಪಹಣಿಯಲ್ಲಿ ಹೆಸರು ಬೇಕು. ಜಂಟಿ ಖಾತೆಯಾದರೂ ಅವನ ಹೆಸರು ಇರುತ್ತದೆ, ಆದರೆ ಸಾಲಕ್ಕೆ ಉಳಿದವರ ಒಪ್ಪಿಗೆ ಕೇಳುತ್ತಾರೆ. ಇದನ್ನು ಮೊದಲೇ ಒಪ್ಪಿ, ಪ್ರತಿ ವರ್ಷ ಒಪ್ಪಿಗೆ ಪತ್ರ ಕೊಡುವುದಾಗಿ ಹೇಳಿದರೆ ಅವನ ಅರ್ಧ ಭಯ ಹೋಗುತ್ತದೆ. ಹಿಂದಿನ ನಲವತ್ತು ವರ್ಷದ ಫಸಲಿನ ಲೆಕ್ಕ ಕೇಳುವುದನ್ನು ಬಿಟ್ಟುಬಿಡಬೇಕು. ಕುಟುಂಬದ ಆಸ್ತಿ ನೋಡಿಕೊಂಡವನಿಂದ ವಂಚನೆ ಸಾಬೀತಾಗದೆ ಹಳೆಯ ಲೆಕ್ಕ ಕೇಳಲು ನ್ಯಾಯಾಲಯವೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ದಾವೆ ಹೂಡಿದ ದಿನದಿಂದ ಮುಂದಿನ ಆದಾಯದ ಲೆಕ್ಕ ಬೇರೆ.

ಅಣ್ಣ ತನ್ನ ದುಡ್ಡಿನಲ್ಲಿ ಮಾಡಿದ ಅಭಿವೃದ್ಧಿಯನ್ನೂ ಗೌರವಿಸಬೇಕು. ಜಂಟಿ ಜಮೀನಿನಲ್ಲಿ ಒಬ್ಬ ಪಾಲುದಾರ ತೋಟ ಮಾಡಿದ್ದರೆ ವಿಭಾಗದ ವೇಳೆ ಸಾಧ್ಯವಾದಷ್ಟೂ ಆ ಭಾಗವನ್ನು ಅವನ ಪಾಲಿಗೇ ಹಾಕುವುದು ನ್ಯಾಯಾಲಯಗಳ ಪದ್ಧತಿ. ಪಾಲಿನ ಅಳತೆ ಕಡಿಮೆಯಾಗುವುದಿಲ್ಲ. ಯಾವ ತುಂಡು ಯಾರಿಗೆ ಎಂಬುದರಲ್ಲಿ ಅವನ ಬೆವರಿಗೆ ಬೆಲೆ ಬರುತ್ತದೆ.

ಮಾತುಕತೆಯಲ್ಲಿ ಹಲವರು ಬೀಳುವ ಒಂದು ಗುಂಡಿ ಇದೆ. ‘ಜಮೀನು ನಮ್ಮದೇ, ನೀನು ಗುತ್ತಿಗೆಗೆ ಮಾಡು’ ಎಂದು ಅಣ್ಣನ ಹೆಸರಿಗೆ ಗುತ್ತಿಗೆ ಕರಾರು ಬರೆಯುವುದು ಪೇಟೆಯವರಿಗೆ ಜಾಣತನ ಎನಿಸುತ್ತದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಕೃಷಿ ಜಮೀನಿನ ಗುತ್ತಿಗೆಯನ್ನು ಸೈನಿಕರಂಥ ಕೆಲವರನ್ನು ಬಿಟ್ಟು ನಿಷೇಧಿಸುತ್ತದೆ. ಆ ಕರಾರನ್ನು ಯಾವ ನ್ಯಾಯಾಲಯದಲ್ಲೂ ಧೈರ್ಯವಾಗಿ ತೋರಿಸಲಾಗದು. ಬದಲಿಗೆ, ಜಮೀನು ಜಂಟಿಯಾಗಿದೆ, ಇಂತಿಂಥವರಿಗೆ ಇಂತಿಷ್ಟು ಪಾಲಿದೆ, ಎಲ್ಲರ ಪರವಾಗಿ ಇವರು ಉಸ್ತುವಾರಿ ನೋಡುತ್ತಿದ್ದಾರೆ ಎಂದು ಒಂದು ಪುಟದ ಕುಟುಂಬ ಹೇಳಿಕೆಗೆ ಎಲ್ಲರೂ ಸಹಿ ಹಾಕಿದರೆ ಅದೇ ದೊಡ್ಡ ರಕ್ಷೆ. ಅಣ್ಣನ ಸಹಿ ಇರುವ ಆ ಕಾಗದ ಇರುವವರೆಗೆ ಪ್ರತಿಕೂಲ ಸ್ವಾಧೀನದ ಮಾತು ಎತ್ತುವುದು ಅವನಿಗೆ ಕಷ್ಟ. ವರ್ಷಕ್ಕೊಮ್ಮೆ ಫಸಲಿನ ಪಾಲೆಂದು ಐದು ಸಾವಿರವೋ ಹತ್ತು ಸಾವಿರವೋ ಬ್ಯಾಂಕ್ ಖಾತೆಗೆ ಬಂದರೆ ಇನ್ನೂ ಒಳ್ಳೆಯದು. ಆ ಹಣಕ್ಕಿಂತ ಪಾಸ್‌ಬುಕ್ಕಿನ ನಮೂದು ಮುಖ್ಯ.

ನಂತರದ ಹೆಜ್ಜೆ ಪಹಣಿಯಲ್ಲಿ ಹೆಸರು ಸೇರಿಸುವುದು. ಎಲ್ಲರೂ ಒಪ್ಪಿದರೆ ತಾತನಿಂದ ಶುರುವಾಗುವ ವಂಶವೃಕ್ಷ, ಮರಣ ಪ್ರಮಾಣಪತ್ರಗಳು, ಒಪ್ಪಿಗೆ ಹೇಳಿಕೆಗಳೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಒಪ್ಪದಿದ್ದರೆ 2010ರ ಪೌತಿ ಆದೇಶದ ವಿರುದ್ಧ ಉಪವಿಭಾಗಾಧಿಕಾರಿಯ ಮುಂದೆ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು; ತಡವಾದದ್ದಕ್ಕೆ ಕಾರಣ ಕೊಡಬೇಕು. ಹೊಸ ಮ್ಯುಟೇಷನ್ ನಡೆಯುತ್ತಿದ್ದರೆ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಹಾಕಿ ಸ್ವೀಕೃತಿ ಪಡೆಯಬೇಕು. ಈ ದಾರಿಯ ಮಿತಿಯೂ ಗೊತ್ತಿರಬೇಕು. ಕಂದಾಯ ಅಧಿಕಾರಿಗಳು ಹಕ್ಕನ್ನು ತೀರ್ಮಾನಿಸುವುದಿಲ್ಲ. ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಊಹಿಸಲಾಗುತ್ತದೆ ಅಷ್ಟೇ. ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ‘ಸಿವಿಲ್ ಕೋರ್ಟಿಗೆ ಹೋಗಿ’ ಎಂದು ಕಡತ ಮುಚ್ಚುವುದು ಅಲ್ಲಿ ಸಾಮಾನ್ಯ. ಎ.ಸಿ. ಕಚೇರಿಯ ಮೆಟ್ಟಿಲಲ್ಲಿ ವರ್ಷಗಳನ್ನು ಕಳೆದು, ಅಷ್ಟರಲ್ಲಿ ಕಾಲಮಿತಿಯನ್ನೂ ಕಳೆದುಕೊಂಡವರು ಇದ್ದಾರೆ.

ನಮ್ಮ ತಿಪಟೂರು ಕುಟುಂಬ ಒಪ್ಪಂದಕ್ಕೆ ಬಂತು ಎಂದಿಟ್ಟುಕೊಳ್ಳಿ. ಅತ್ತೆ, ‘ನನಗೆ ನೆಲ ಬೇಡಪ್ಪ, ಬೆಲೆ ಕೊಟ್ಟುಬಿಡಿ’ ಎಂದರು. ಅವರ 90 ಗುಂಟೆಯ ಬೆಲೆಯನ್ನು ಎರಡೂ ಮನೆಯವರು ಸಮನಾಗಿ ಕೊಟ್ಟು ತಲಾ 45 ಗುಂಟೆ ಪಡೆದರು. (ಅರಿಶಿನ ಕುಂಕುಮಕ್ಕೆಂದು ಐದು ಸಾವಿರ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಬೆಲೆ ಕೊಟ್ಟಂತಲ್ಲ; ನಾಳೆ ಅತ್ತೆಯ ಮಕ್ಕಳು ಕೇಳಿದರೆ ಉತ್ತರ ಹೇಳಬೇಕಾದೀತು.) ಅಕ್ಕ ತನ್ನ 45ನ್ನು ತಮ್ಮನಿಗೇ ಬಿಟ್ಟಳು. ಈಗ ಅಣ್ಣನಿಗೆ 135 ಗುಂಟೆ, ಬೆಂಗಳೂರಿನ ಮೂವರಿಗೆ ಒಟ್ಟು 135, ಅಂದರೆ ಮನೆಗೆ ತಲಾ 3 ಎಕರೆ 15 ಗುಂಟೆ. ಅಣ್ಣ ತೆಂಗು ಹಾಕಿ ಬೋರ್ ಕೊರೆಸಿದ್ದ ಬಡಗಣ ಭಾಗ ಸುಮಾರು ಮೂರು ಎಕರೆ. ಅದು ಪೂರ್ತಿ ಅವನ ಪಾಲಿಗೆ ಬಂತು. ತೆಂಕಣ ಹೊಲ ಬೆಂಗಳೂರಿನವರಿಗೆ.

ಇದನ್ನು ಬಾಯಿಮಾತಿನಲ್ಲೋ ಪಂಚಾಯ್ತಿ ಪಾರಿಖತ್ತಿನಲ್ಲೋ ಬಿಟ್ಟರೆ ಮುಂದಿನ ಪೀಳಿಗೆಗೆ ಹೊಸ ಜಗಳ. ನೋಂದಾಯಿತ ವಿಭಾಗಪತ್ರವೇ ಬೇಕು. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಂತೆ ಬೆಲೆಯ ಶೇಕಡಾವಾರು ಅಲ್ಲ, ಪಾಲಿಗೆ ಇಷ್ಟೆಂದು ನಿಗದಿ ಮಾಡಿದ ಮೊತ್ತ. ಪತ್ರಕ್ಕೆ ಮೊದಲು 11ಇ ನಕ್ಷೆ ಮಾಡಿಸಬೇಕು: ಸರ್ವೆಯರ್ ಬಂದು ಜಮೀನು ಅಳೆದು ಎರಡು ತುಂಡುಗಳ ಚೆಕ್ಕುಬಂದಿ ಗುರುತಿಸಿ ಕೊಡುವ ನಕ್ಷೆ ಅದು. ಕೆಲಸ ಕುಂಟುವುದು ಇಲ್ಲೇ. ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿನ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ, ಖರಾಬು ಎಷ್ಟೆಂದು ಇತ್ಯರ್ಥವಾಗದಿದ್ದರೆ ಅರ್ಜಿ ನಿಲ್ಲುತ್ತದೆ. ಮೊದಲು ತಿದ್ದುಪಡಿ, ಆಮೇಲೆ ನಕ್ಷೆ. ಅಳತೆಯ ದಿನ ಬೆಂಗಳೂರಿನವರು ಖುದ್ದು ಹೊಲದಲ್ಲಿರಬೇಕು. ವಿಭಾಗಪತ್ರದಲ್ಲಿ ಬರೆಸಲು ಮರೆಯುವ ಎರಡು ಸಂಗತಿಗಳು ಬಂಡಿದಾರಿ ಮತ್ತು ನೀರು: ತೆಂಕಣ ಹೊಲಕ್ಕೆ ಹೋಗುವ ದಾರಿ ಎಷ್ಟು ಅಡಿ ಅಗಲ, ಯಾರ ತುಂಡಿನ ಮೇಲೆ ಹಾದುಹೋಗುತ್ತದೆ, ಬೋರ್‌ವೆಲ್ಲೂ ಅದರ ಆರ್.ಆರ್. ನಂಬರಿನ ವಿದ್ಯುತ್ ಸಂಪರ್ಕವೂ ಯಾರಿಗೆ. ನೋಂದಣಿಯಾದ ಮೇಲೆ ಮ್ಯುಟೇಷನ್, ಅದರ ಮೇಲೆ ಪೋಡಿಯಾಗಿ ಪ್ರತ್ಯೇಕ ಹಿಸ್ಸಾ ನಂಬರ್ ಬಂದಾಗಲಷ್ಟೇ ಕೆಲಸ ಮುಗಿದಂತೆ.

ಒಪ್ಪಂದ ಆಗದಿದ್ದರೆ ವಿಭಾಗದ ದಾವೆ. ಇದರಲ್ಲಿ ಕುಟುಂಬದ ಎಲ್ಲ ಜಮೀನು, ಮನೆ, ಹಿತ್ತಿಲನ್ನೂ ಎಲ್ಲ ಪಾಲುದಾರರನ್ನೂ ಸೇರಿಸಬೇಕು. ಅಕ್ಕನನ್ನೋ ಅತ್ತೆಯನ್ನೋ ಬಿಟ್ಟರೆ ದಾವೆಯೇ ಕುಂಟುತ್ತದೆ. ಜಂಟಿ ಸ್ವಾಧೀನದಲ್ಲಿದ್ದೇನೆ ಎನ್ನುವ ಪಾಲುದಾರನಿಗೆ ಕೋರ್ಟ್ ಶುಲ್ಕ ಅಲ್ಪ ನಿಗದಿತ ಮೊತ್ತ. ದಾವೆಯ ಜೊತೆಗೇ ಜಮೀನು ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ, ಸಿಕ್ಕರೆ ಪಹಣಿಯ 11ನೇ ಕಾಲಂನಲ್ಲಿ ನಮೂದಾಗುವಂತೆ ತಹಶೀಲ್ದಾರರಿಗೆ ಕೊಡಬೇಕು. ದಾವೆ ನಡೆಯುವಾಗ ಅಣ್ಣ ಮಾರಿದರೂ ಕೊಂಡವನು ತೀರ್ಪಿಗೆ ಬದ್ಧ. ದಾವೆಗೆ ಮೊದಲೇ ಮಾರಿದ್ದರೆ ಕೊಂಡವನಿಗೆ ದಕ್ಕುವುದು ಅಣ್ಣನ 45 ಗುಂಟೆಯ ಹಕ್ಕು ಮಾತ್ರ. ಅವನನ್ನೂ ದಾವೆಗೆ ಸೇರಿಸಬೇಕು.

ನ್ಯಾಯಾಲಯ ಮೊದಲು ಪ್ರಾಥಮಿಕ ಡಿಕ್ರಿ ಕೊಡುತ್ತದೆ: ಯಾರಿಗೆ ಎಷ್ಟು ಪಾಲು ಎಂದಷ್ಟೇ. ಹೊಲದಲ್ಲಿ ಗೆರೆ ಎಳೆಯುವುದು ಅಂತಿಮ ಡಿಕ್ರಿಯಲ್ಲಿ. ಕಂದಾಯ ಕಟ್ಟುವ ಜಮೀನಾದರೆ ಆ ವಿಂಗಡಣೆ ಜಿಲ್ಲಾಧಿಕಾರಿಯ ಮೂಲಕ, ತಹಶೀಲ್ದಾರ್ ಮತ್ತು ಸರ್ವೆ ಇಲಾಖೆಯಿಂದ ಆಗಬೇಕು. ಪ್ರಾಥಮಿಕ ಡಿಕ್ರಿ ಗೆದ್ದು ಹೋಳಿಗೆ ಊಟ ಮಾಡಿ, ಇಪ್ಪತ್ತು ವರ್ಷ ಅಂತಿಮ ಡಿಕ್ರಿಯ ಗೋಜಿಗೆ ಹೋಗದ ಮನೆಗಳು ಎಷ್ಟೋ ಇವೆ. ಪ್ರಾಥಮಿಕ ಡಿಕ್ರಿಯ ನಂತರ ಬೇರೆ ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯವೇ ಅಂತಿಮ ಡಿಕ್ರಿಯತ್ತ ಸಾಗಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಡಿಕ್ರಿ ಇಟ್ಟುಕೊಂಡವರೂ ನಿರಾಶರಾಗಬೇಕಿಲ್ಲ. ಅಂತಿಮ ಡಿಕ್ರಿ ಕೇಳಲು ಕಾಲಮಿತಿ ಇಲ್ಲ. ದಾವೆಯ ನಡುವೆ ಮನಸ್ಸು ತಿಳಿಯಾದರೆ ಲೋಕ ಅದಾಲತ್‌ನಲ್ಲಿ ರಾಜಿ ಡಿಕ್ರಿ ಮಾಡಿಕೊಳ್ಳಬಹುದು.

ನನ್ನ ತೀರ್ಮಾನ ಇಷ್ಟು. ಅಣ್ಣ ಇನ್ನೂ ಮಾತಾಡುತ್ತಿದ್ದಾನೆ ಎಂದರೆ ಈ ವರ್ಷವೇ ಹಳೆಯ ಪಹಣಿ, ವಾರಸಾ ನಮೂದು, ಇ.ಸಿ. ತೆಗೆಸಿಟ್ಟು, ಕುಟುಂಬ ಹೇಳಿಕೆಗೆ ಎಲ್ಲರ ಸಹಿ ಮಾಡಿಸಿಕೊಳ್ಳಿ. ಮಾರುವ ಯೋಚನೆ ಇಲ್ಲದವರು ಸದ್ಯಕ್ಕೆ ಜಂಟಿ ಖಾತೆಗೇ ನಿಲ್ಲಬಹುದು. ಊರಿನ ಮುಖ ನೋಡದ ಮಕ್ಕಳಿಗೆ ಈ ಜಮೀನು ಬಿಟ್ಟುಹೋಗುವವರು ಮಾತ್ರ ಪೋಡಿ ಮುಗಿಸಿಯೇ ಬಿಡಬೇಕು. ಅಣ್ಣ ಬರಹದಲ್ಲಿ ‘ಇಲ್ಲ’ ಎಂದ ದಿನ ವಕೀಲರನ್ನು ಕಾಣಿ.